ಒಂದೇ ನಮೂನೆಯೊಳಗೆ ಐದು ಧರ್ಮ ತುಂಬೋಕಾಗಲ್ಲ ಕಣವ್ವ

ಪೋಸ್ಟ್ ಉದ್ದ ಇದೆ. ಬಿಡುವಿದ್ದಾಗ ಓದಿ, ಆಮೇಲೆ ಜಗಳ ಆಡೋಣ.

ನಮ್ಮ ಭಾನುವಾರದ ಓದಿಗೆ ಬರೋ ಒಬ್ಬ ತಂಗಿ ಪಿಎಚ್‌ಡಿ ಮಾಡ್ತಿದಾಳೆ. ಅವಳ ಮೂರನೇ ಅಧ್ಯಾಯದ ಹೆಸರು ‘ಕರ್ಮ ಮತ್ತು ಪುನರ್ಜನ್ಮ: ತೌಲನಿಕ ಅಧ್ಯಯನ’. ಹೋದ ತಿಂಗಳು ಅದರ ಕರಡು ತಂದು ನನ್ನ ಕೈಗಿಟ್ಟಳು. ಮೊದಲ ಪುಟದಲ್ಲೇ ಮಾರ್ಗದರ್ಶಕರು ಕೆಂಪು ಇಂಕಿನಲ್ಲಿ ಬರೆದಿದ್ದರು: ‘ಎಲ್ಲ ಧರ್ಮಗಳ ಸಾಮ್ಯತೆಗಳನ್ನು ಇನ್ನಷ್ಟು ಎತ್ತಿ ತೋರಿಸಿ.’ ಅದನ್ನ ಓದಿ ಇವಳಿಗೆ ಮೈಯೆಲ್ಲ ಉರಿದುಹೋಗಿದೆ. ‘ಅಣ್ಣ, ನಾನು ಉಲ್ಟಾ ಬರೀತೀನಿ. ಬುದ್ಧನ್ನ ಬಿಟ್ಟು ಮಿಕ್ಕವರೆಲ್ಲ ನಮ್ಮನ್ನ ತುಳಿಯೋಕೇ ಕರ್ಮ ಕಟ್ಟಿದ್ರು ಅಂತ ಬರೆದುಬಿಡ್ತೀನಿ’ ಅಂದಳು. ನಾನು ಬಿ.ಎ. ಪಾಸು ಮಾಡಿದ ಗುಮಾಸ್ತ, ನನಗ್ಯಾಕೆ ತೋರಿಸ್ತೀಯವ್ವ ಅಂದೆ. ‘ನೀವು ಫೈಲ್ ನೋಡ್ತೀರಲ್ಲ, ಅದೇ ಕಣ್ಣಲ್ಲಿ ನೋಡಿ’ ಅಂದಳು. ಸರಿ, ನೋಡಿದೆ. ನೋಡಿದ ಮೇಲೆ ಅನ್ನಿಸಿದ್ದು, ಮಾರ್ಗದರ್ಶಕರು ಹೇಳಿದ್ದೂ ಇವಳು ಮಾಡ್ತೀನಿ ಅಂದಿದ್ದೂ ಒಂದೇ ಕೆಲಸ. ಇಬ್ಬರೂ ಬೇರೆಬೇರೆ ಕಡೆಯಿಂದ ನಿಂತು ಅದೇ ರೊಟ್ಟಿಯನ್ನ ಚಪ್ಪಟೆ ತಟ್ತಿದಾರೆ.

ಕರಡು ಹೇಗಿತ್ತು ಅಂದ್ರೆ, ಐದು ದೊಡ್ಡ ಶೀರ್ಷಿಕೆ: ಹಿಂದೂ, ಬೌದ್ಧ, ಜೈನ, ವೀರಶೈವ, ಅಂಬೇಡ್ಕರ್. ಪ್ರತಿಯೊಂದರ ಕೆಳಗೂ ಅವೇ ನಾಲ್ಕು ಉಪಶೀರ್ಷಿಕೆ: ಆತ್ಮದ ಸ್ವರೂಪ, ಕರ್ಮದ ವಿಧಗಳು, ಪುನರ್ಜನ್ಮದ ಕ್ರಮ, ಮೋಕ್ಷದ ಮಾರ್ಗ. ನೋಡೋಕೆ ಬಹಳ ಅಚ್ಚುಕಟ್ಟು. ಆದ್ರೆ ನನಗೆ ನೆನಪಾಗಿದ್ದು ಇಪ್ಪತ್ತು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದ ಹೊಸತರ ಒಂದು ಅರ್ಜಿ. ಅರ್ಜಿಯಲ್ಲಿ ‘ತಂದೆ/ಗಂಡನ ಹೆಸರು’ ಅಂತ ಒಂದು ಕಾಲಂ. ಅರ್ಜಿ ತಂದ ಹೆಂಗಸು ದೇವದಾಸಿಯ ಮಗಳು, ತಾನೂ ದೇವದಾಸಿ. ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುತ್ತೆ. ‘ಏನಾದ್ರೂ ಒಂದು ಹೆಸರು ಬರೀರಿ ಸಾರ್’ ಅಂದ್ಲು ಆಕೆ. ನಾನು ಬರೆದೆ. ಇವತ್ತಿಗೂ ಆ ಕಡತದಲ್ಲಿ ಇಲ್ಲದ ಒಬ್ಬ ಅಪ್ಪ ಇದ್ದಾನೆ. ಸುಳ್ಳು ಹೇಳಿದ್ದು ಆಕೆಯೂ ಅಲ್ಲ, ಪೂರ್ತಿಯಾಗಿ ನಾನೂ ಅಲ್ಲ. ಕಾಲಂ ಹೇಳಿಸಿತು.

ಈಗ ಕರಡಿನ ಬೌದ್ಧ ಭಾಗಕ್ಕೆ ಬನ್ನಿ. ‘ಆತ್ಮದ ಸ್ವರೂಪ’ ಅನ್ನೋ ಕಾಲಂ ಇದೆ, ತುಂಬಲೇಬೇಕು. ತಂಗಿ ಬರೆದಿದ್ದಳು: ‘ಬೌದ್ಧರ ಪ್ರಕಾರ ಆತ್ಮವು ಕ್ಷಣಿಕವಾದುದು.’ ಇದೇ ಆ ಇಲ್ಲದ ಅಪ್ಪನ ಹೆಸರು. ಬುದ್ಧ ಆತ್ಮ ಕ್ಷಣಿಕ ಅನ್ನಲಿಲ್ಲ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ, ಈ ಐದರಲ್ಲಿ ಯಾವುದನ್ನ ಹಿಡಿದು ನೋಡಿದ್ರೂ ‘ಇದು ನಾನು’ ಅನ್ನೋದು ಸಿಗಲ್ಲ ಅಂದ. ಪ್ರಶ್ನೆಯನ್ನೇ ಒಪ್ಪದ ಮನುಷ್ಯನ ಕೈಲಿ ಉತ್ತರ ಬರೆಸಿದ ಹಾಗಾಯ್ತು. ಅವಳು ದಡ್ಡಿ ಅಂತಲ್ಲ, ಸುತ್ತಗಳನ್ನ ನನಗಿಂತ ಚೆನ್ನಾಗಿ ಓದಿದಾಳೆ. ಕಾಲಂ ಅವಳ ಕೈ ಹಿಡಿದು ಬರೆಸಿದೆ.

ಈ ನಾಲ್ಕು ಕಾಲಂ ಎಲ್ಲಿಂದ ಬಂದವು? ಆತ್ಮ ಇದೆ, ಅದಕ್ಕೆ ಕರ್ಮ ಅಂಟುತ್ತೆ, ಅದರಿಂದ ಜನ್ಮ, ಕೊನೆಗೆ ಮೋಕ್ಷ. ಇದು ವೇದಾಂತದ ಪಠ್ಯಪುಸ್ತಕದ ಪರಿವಿಡಿ. ಆ ಪರಿವಿಡಿಯನ್ನ ಎಲ್ಲರಿಗೂ ಹೊದಿಸಿದ ಮೇಲೆ ನೀವು ಬುದ್ಧನ್ನ ಎಷ್ಟೇ ಹೊಗಳಿ, ಅವನು ವೇದಾಂತದ ಮನೆಯ ಬಾಡಿಗೆದಾರನೇ.

ಹಾಗಾದ್ರೆ ಅಧ್ಯಾಯ ಹೇಗೆ ಕಟ್ಟಬೇಕು ಅಂತ ಮೂರು ಭಾನುವಾರ ಕೂತು ಮಾತಾಡಿದ್ವಿ. ನಾವು ಬಂದು ನಿಂತ ಜಾಗ ಇಷ್ಟು: ಧರ್ಮಕ್ಕೊಂದು ಶೀರ್ಷಿಕೆ ಬೇಡ, ಪ್ರಶ್ನೆಗೊಂದು ಶೀರ್ಷಿಕೆ ಇಡೋಣ. ಅದೂ ಪೂರ್ತಿ ಪರಿಹಾರ ಅಲ್ಲ, ಯಾಕಂದ್ರೆ ಪ್ರಶ್ನೆಯೂ ಯಾರದೋ ಒಬ್ಬರದ್ದೇ. ಅದಕ್ಕೆ ಪ್ರತಿ ಪ್ರಶ್ನೆಯನ್ನೂ ಅದು ಯಾರಿಗೆ ನಿಜವಾಗಿ ಸುಡ್ತಿತ್ತೋ ಅವರಿಂದ ಶುರು ಮಾಡೋದು. ಒಂದು ಜೈನರಿಂದ, ಇನ್ನೊಂದು ಬೌದ್ಧರಿಂದ, ಮತ್ತೊಂದು ಉಪನಿಷತ್ತಿನಿಂದ. ಆಗ ಯಾರೊಬ್ಬರೂ ಖಾಯಂ ಅಳತೆಗೋಲು ಆಗಲ್ಲ.

ಅದಕ್ಕೂ ಮೊದಲು ಒಂದು ಕೆಲಸ ಇದೆ. ‘ಕರ್ಮ ಮತ್ತು ಪುನರ್ಜನ್ಮ’ ಅಂತ ಒಂದೇ ಉಸಿರಲ್ಲಿ ಹೇಳೋದನ್ನ ನಿಲ್ಲಿಸಬೇಕು. ಇವು ಎರಡು ಬೇರೆ ಸಂಗತಿ, ಕೆಲವು ಕಡೆ ಗಂಟು ಬಿದ್ದಿವೆ ಅಷ್ಟೆ. ಬುದ್ಧನ ಕಾಲದಲ್ಲೇ ಇದ್ದ ಆಜೀವಿಕರನ್ನ ನೋಡಿ. ಮಕ್ಖಲಿ ಗೋಸಾಲನ ಮಾತು ಅಂತ ದೀಘನಿಕಾಯದ ಸಾಮಞ್ಞಫಲ ಸುತ್ತದಲ್ಲಿ ಬರುತ್ತೆ: ಎಸೆದ ನೂಲಿನ ಉಂಡೆ ಹೇಗೆ ಬಿಚ್ಚಿಕೊಳ್ತಾ ಹೋಗಿ ತನ್ನಷ್ಟಕ್ಕೆ ಮುಗಿಯುತ್ತೋ ಹಾಗೆ ಪಂಡಿತನೂ ಮೂರ್ಖನೂ 84 ಲಕ್ಷ ಮಹಾಕಲ್ಪ ಸುತ್ತಿ ದುಃಖ ಮುಗಿಸ್ತಾರೆ. ಇಲ್ಲಿ ಮರುಹುಟ್ಟು ಭರ್ಜರಿಯಾಗಿದೆ, ಮಾಡಿದ ಕರ್ಮಕ್ಕೆ ಮಾತ್ರ ಬೆಲೆ ಇಲ್ಲ. (ಇದು ಬೌದ್ಧರು ಹೇಳಿದ ಆಜೀವಿಕರ ಮಾತು ಅನ್ನೋದನ್ನ ಮರೀಬಾರದು. ಅವರ ಸ್ವಂತ ಪುಸ್ತಕ ಒಂದೂ ಉಳಿದಿಲ್ಲ.)

ಅಷ್ಟು ದೂರ ಯಾಕೆ, ನಮ್ಮ ಮನೆಗೇ ಬನ್ನಿ. ನನ್ನ ತಮ್ಮ ಹುಟ್ಟಿದಾಗ ಅವನ ಕಿವಿ ಹಿಂದಿನ ಮಚ್ಚೆ ನೋಡಿ ನಮ್ಮಜ್ಜಿ ‘ನಮ್ಮ ಮುದುಕನೇ ಬಂದವ್ನೆ’ ಅಂದಿದ್ದಳಂತೆ. ತೀರಿಹೋದ ತಾತ ವಾಪಸ್ ಮನೆಗೆ ಬಂದ, ಅಷ್ಟೆ. ಅವನು ಒಳ್ಳೇದು ಮಾಡಿದ್ದಕ್ಕೂ ಅಲ್ಲ, ಕೆಟ್ಟದ್ದು ಮಾಡಿದ್ದಕ್ಕೂ ಅಲ್ಲ. ಮನೆ ಮೇಲೆ ಆಸೆ ಇತ್ತು, ಬಂದ. ಲೆಕ್ಕದ ಪುಸ್ತಕ ಇಲ್ಲದ ಮರುಹುಟ್ಟು ಇದು. ಶ್ರೀಲಂಕಾದ ಮಾನವಶಾಸ್ತ್ರಜ್ಞ ಗಣನಾಥ ಒಬೇಸೇಕರ 2002ರ ಪುಸ್ತಕದಲ್ಲಿ ಇದನ್ನೇ ದೊಡ್ಡದಾಗಿ ವಾದಿಸ್ತಾರೆ: ಉತ್ತರ ಅಮೆರಿಕದ ಮೂಲನಿವಾಸಿಗಳಂಥ ಎಷ್ಟೋ ಸಮಾಜಗಳಲ್ಲಿ ಸತ್ತವರು ಮತ್ತೆ ಹುಟ್ತಾರೆ, ಆದ್ರೆ ಪಾಪಪುಣ್ಯದ ತೀರ್ಪಿನಿಂದಲ್ಲ. ಹುಟ್ಟಿಗೆ ನೀತಿಯ ಲೆಕ್ಕ ಜೋಡಿಸಿದ್ದು ಪ್ರತ್ಯೇಕವಾಗಿ ನಡೆದ ಒಂದು ಬದಲಾವಣೆ. ಅಧ್ಯಾಯದ ಮೊದಲ ನಾಲ್ಕೈದು ಪುಟ ಇದಕ್ಕೇ ಕೊಡು ಅಂದೆ. ಗಂಟು ಹಾಕಿದ್ದು ಅಂತ ಗೊತ್ತಾದ್ರೆ ತಾನೇ, ಯಾರು ಹಾಕಿದ್ರು, ಎಲ್ಲಿ ಹಾಕಿದ್ರು ಅಂತ ಕೇಳೋಕಾಗೋದು?

ಇನ್ನು ಮೊದಲ ಪ್ರಶ್ನೆ: ಕರ್ಮ ಅಂದ್ರೆ ಏನು? ಇದನ್ನ ಜೈನರಿಂದ ಶುರು ಮಾಡಬೇಕು. ಯಾಕಂದ್ರೆ ಅವರಿಗೆ ಕರ್ಮ ಅಂದ್ರೆ ಮಾತಿಗೆ ಹೇಳೋ ಉಪಮೆ ಅಲ್ಲ, ನಿಜವಾದ ಪದಾರ್ಥ. ಪುದ್ಗಲ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಜೀವಕ್ಕೆ ಬಂದು ಅಂಟುತ್ತೆ. ಅದು ಒಳಗೆ ಬರೋದಕ್ಕೆ ಆಸ್ರವ, ಅಂಟೋದಕ್ಕೆ ಬಂಧ, ತಡೆಯೋದಕ್ಕೆ ಸಂವರ, ಉದುರಿಸೋದಕ್ಕೆ ನಿರ್ಜರ ಅಂತ ಹೆಸರು. ಅದರ ಪಕ್ಕಕ್ಕೆ ಬೌದ್ಧರನ್ನ ತನ್ನಿ: ಅಂಗುತ್ತರ ನಿಕಾಯದಲ್ಲಿ ಬುದ್ಧ ಕರ್ಮ ಅಂದ್ರೆ ಚೇತನಾ, ಅಂದ್ರೆ ಉದ್ದೇಶ, ಅಂತಾನೆ. ಇನ್ನೊಂದು ಪಕ್ಕಕ್ಕೆ ಮೀಮಾಂಸಕರು: ಅವರಿಗೆ ಕರ್ಮ ಅಂದ್ರೆ ಮುಖ್ಯವಾಗಿ ಯಜ್ಞ, ಮತ್ತು ಅದರ ಫಲ ಬರೋತನಕ ಉಳಿಯೋ ‘ಅಪೂರ್ವ’ ಅನ್ನೋ ಕಾಣದ ಶಕ್ತಿ. ಫಲ ಕೊಡೋಕೆ ದೇವರೂ ಬೇಕಿಲ್ಲ. ಶಂಕರರ ವೇದಾಂತಕ್ಕೆ ಬಂದ್ರೆ ಫಲ ಕೊಡೋನು ಈಶ್ವರ. ಎಲ್ಲದಕ್ಕೂ ಪದ ಒಂದೇ. ವಸ್ತು ಒಂದು ಕಡೆ ಧೂಳು, ಒಂದು ಕಡೆ ಮನಸ್ಸು, ಒಂದು ಕಡೆ ಹೋಮ.

ಇಲ್ಲೇ ಒಂದು ಹಳ್ಳ ಇದೆ, ನಾನೂ ಬಿದ್ದಿದ್ದೆ. ಕತ್ತಲಲ್ಲಿ ನಡೀತಿದ್ದ ಒಬ್ಬ ಗೊತ್ತಿಲ್ಲದೆ ಇರುವೆ ತುಳಿದ ಅಂತಿಟ್ಕೊಳ್ಳಿ. ‘ಬೌದ್ಧರ ಪ್ರಕಾರ ಉದ್ದೇಶ ಇಲ್ಲ, ಆದ್ದರಿಂದ ಕರ್ಮ ಇಲ್ಲ. ಜೈನರ ಪ್ರಕಾರ ಉದ್ದೇಶ ಲೆಕ್ಕಕ್ಕಿಲ್ಲ, ತುಳಿದ್ರೆ ಅಂಟಿತು’ ಅಂತ ಕರಡಿನಲ್ಲಿತ್ತು. ಎಷ್ಟು ಚಂದದ ವ್ಯತ್ಯಾಸ ಅಲ್ವಾ? ಎರಡನೇ ವಾಕ್ಯಕ್ಕೆ ಆಧಾರ ಎಲ್ಲಿದು ಅಂತ ಕೇಳಿದೆ. ಮಜ್ಝಿಮ ನಿಕಾಯದ ಉಪಾಲಿ ಸುತ್ತ ಅಂದಳು. ಅಲ್ಲಿ ನಿಗಂಠರು ದೇಹದ ಕೃತ್ಯವೇ ದೊಡ್ಡ ಪಾಪ ಅಂತಾರೆ, ಬುದ್ಧ ಮನಸ್ಸಿನದ್ದೇ ದೊಡ್ಡದು ಅಂತಾನೆ, ಉಪಾಲಿ ಸೋತು ಬುದ್ಧನ ಕಡೆ ಬರ್ತಾನೆ. ಆದ್ರೆ ಅದು ಗೆದ್ದವರ ಮನೆಯ ವರದಿ ಕಣವ್ವ! ಜೈನರ ತತ್ತ್ವಾರ್ಥಸೂತ್ರ ತೆಗೆದು ನೋಡು. ಹಿಂಸೆ ಅಂದ್ರೆ ಪ್ರಮಾದದಿಂದ, ಎಚ್ಚರಗೇಡಿತನದಿಂದ ಪ್ರಾಣ ತೆಗೆಯೋದು ಅಂತ ಅಲ್ಲಿದೆ. ಧೂಳು ಎಷ್ಟು ಗಟ್ಟಿಯಾಗಿ, ಎಷ್ಟು ಕಾಲ ಅಂಟಿಕೊಳ್ಳುತ್ತೆ ಅನ್ನೋದನ್ನ ಕ್ರೋಧ, ಮಾನ, ಮಾಯೆ, ಲೋಭ ಅನ್ನೋ ಕಷಾಯಗಳು ನಿರ್ಧರಿಸ್ತವೆ. ಅಂದ್ರೆ ಒಳಗಿನ ಸ್ಥಿತಿ ಅವರಿಗೂ ಲೆಕ್ಕವೇ. ಎಚ್ಚರ ತಪ್ಪಿದ್ದೇ ತಪ್ಪು ಅಂತಾರೆ ಅವರು, ಉದ್ದೇಶವನ್ನೇ ನೋಡು ಅಂತಾರೆ ಇವರು. ನಿಜವಾದ ವ್ಯತ್ಯಾಸ ಕರಡಿನಲ್ಲಿದ್ದದ್ದಕ್ಕಿಂತ ಸಣ್ಣದು, ಆದ್ರೆ ಬಹಳ ಆಳದ್ದು. ಅದು ಸಿಕ್ಕಿದ್ದು ಒಬ್ಬರ ಮಾತನ್ನ ಎದುರಾಳಿಯ ಪುಸ್ತಕದಿಂದ ಎತ್ತೋದು ಬಿಟ್ಟ ಮೇಲೆ. ನಮ್ಮ ಬಗ್ಗೆ ಬರೆದ ಗೆಜೆಟಿಯರುಗಳನ್ನ ನಾವು ಎಷ್ಟು ಅನುಮಾನದಿಂದ ಓದ್ತೀವೋ ಅಷ್ಟೇ ಅನುಮಾನ ಇಲ್ಲೂ ಬೇಕು.

ಎರಡನೇ ಪ್ರಶ್ನೆ: ಸತ್ತ ಮೇಲೆ ಹೋಗೋದು ಏನು? ಇದು ಬೌದ್ಧರಿಗೆ ಸುಡೋ ಪ್ರಶ್ನೆ. ಆತ್ಮ ಇದೆ ಅನ್ನೋರಿಗೆ ಇದು ಸಮಸ್ಯೆಯೇ ಅಲ್ಲ. ಮಿಲಿಂದ ಪಞ್ಹದಲ್ಲಿ ಗ್ರೀಕ್ ರಾಜ ನಾಗಸೇನನನ್ನ ಇದೇ ಹಿಡಿದು ಜಗ್ಗಾಡ್ತಾನೆ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದ್ರೆ ಈ ಉರಿ ಆ ಕಡೆಗೆ ಎದ್ದು ಹೋಯ್ತಾ ಅಂತ ಭಿಕ್ಷು ತಿರುಗಿ ಕೇಳ್ತಾನೆ. ಜೈನರಲ್ಲಿ ಜೀವ ಗಟ್ಟಿಯಾಗಿಯೇ ಇದೆ. ಅದು ಸಿಕ್ಕ ಮೈಯ ಅಳತೆಗೆ ಹಿಗ್ಗಿ ಕುಗ್ಗುತ್ತೆ, ಸತ್ತ ಕೂಡಲೇ ಕಣ್ಣು ಮಿಟುಕಿಸೋದಕ್ಕಿಂತ ಬೇಗ ಮುಂದಿನ ಮೈ ಸೇರುತ್ತೆ. ಈ ಒಂದು ಸಣ್ಣ ವಿವರದಿಂದ ಎಷ್ಟು ದೊಡ್ಡದು ಹೊರಡುತ್ತೆ ನೋಡಿ: ನಡುವೆ ಕಾಯೋ ಪ್ರೇತ ಇಲ್ಲ ಅಂದ್ಮೇಲೆ ಪಿಂಡ ತಿನ್ನೋರು ಯಾರು? ಶ್ರಾದ್ಧಕ್ಕೆ ಜೈನ ಸಿದ್ಧಾಂತದಲ್ಲಿ ಜಾಗವೇ ಇಲ್ಲ ಅಂತ ಪದ್ಮನಾಭ ಜೈನಿ ತೋರಿಸಿದಾರೆ. ಕರಾವಳಿಯ ನೆಲ್ಲಿಕಾರಿನಲ್ಲಿ ಹುಟ್ಟಿದ ವಿದ್ವಾಂಸರು ಅವರು. ಅವರ ಲೇಖನ ಇರೋದು ವೆಂಡಿ ಡೋನಿಗರ್ 1980ರಲ್ಲಿ ಸಂಪಾದಿಸಿದ ಕರ್ಮದ ಕುರಿತ ಸಂಕಲನದಲ್ಲಿ, ತಂಗಿ ಓದಲೇಬೇಕಾದ ಪುಸ್ತಕ ಅದು. ಅಧ್ಯಾಯದ ಈ ಭಾಗ ಚಿಕ್ಕದಿದ್ರೂ ಸಾಕು, ಆರು ಪುಟ.

ಮೂರನೇ ಪ್ರಶ್ನೆಗೆ ನಮ್ಮ ಹೊಟ್ಟೆಯಲ್ಲೇ ಬೆಂಕಿ ಇದೆ. ಒಬ್ಬ ಮನುಷ್ಯ ಯಾಕೆ ‘ಕೀಳು’ ಅನ್ನೋ ಕುಲದಲ್ಲಿ ಹುಟ್ಟಿದ?

ಛಾಂದೋಗ್ಯ ಉಪನಿಷತ್ತಿನಿಂದ ಶುರು ಮಾಡಬೇಕು. ಐದನೇ ಅಧ್ಯಾಯದ ಹತ್ತನೇ ಖಂಡದಲ್ಲಿ ಹೇಳಿರೋದರ ಸಾರ: ನಡತೆ ಚೆನ್ನಾಗಿದ್ದವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯ ಯೋನಿಗೆ ಹೋಗ್ತಾರೆ, ನಡತೆ ಹೊಲಸಾಗಿದ್ದವರು ನಾಯಿ, ಹಂದಿ, ಚಂಡಾಲ ಯೋನಿಗೆ. ಪಟ್ಟಿಯನ್ನ ಇನ್ನೊಂದು ಸಲ ನೋಡಿ. ನಾಯಿ ಹಂದಿಯ ಸಾಲಿನಲ್ಲಿ ನಮ್ಮನ್ನ ನಿಲ್ಲಿಸಿದಾರೆ. ಶೂದ್ರನ ಹೆಸರು ಎರಡೂ ಪಟ್ಟಿಯಲ್ಲಿ ಇಲ್ಲ. ಮನುಸ್ಮೃತಿಯ 12ನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ಇದು ದಂಡಸಂಹಿತೆ ಥರ ಆಗಿದೆ, ಯಾವ ಪಾಪಕ್ಕೆ ಯಾವ ಯೋನಿ ಅಂತ ಪಟ್ಟಿ. ಆದ್ರೆ ‘ಹಿಂದೂ ಮತ ಹೀಗೆ ಹೇಳುತ್ತೆ’ ಅಂತ ಬರೆದ್ರೆ ಅದೂ ತಪ್ಪು. ಉಡುಪಿಯ ಮಧ್ವರು ಇದಕ್ಕಿಂತ ಮುಂದೆ ಹೋಗಿ, ಕೆಲವು ಜೀವಗಳು ಅನಾದಿಯಿಂದ ಸ್ವಭಾವತಃ ತಮಸ್ಸಿಗೇ ಯೋಗ್ಯ ಅಂತಾರೆ. ಅಲ್ಲಿ ಕರ್ಮವೂ ಒಳಗಿನ ಯೋಗ್ಯತೆಯನ್ನ ಬದಲಿಸಲ್ಲ. ಛಾಂದೋಗ್ಯದವನಿಗೆ ಮುಂದಿನ ಜನ್ಮದ ಆಸೆಯನ್ನಾದ್ರೂ ತೋರಿಸಬಹುದು, ಇಲ್ಲಿ ಅದೂ ಇಲ್ಲ. ಎರಡನ್ನೂ ಒಂದೇ ಹೆಸರಿನ ಕೆಳಗೆ ತುರುಕಿದ್ರೆ ನಷ್ಟ ನಮ್ಮ ವಾದಕ್ಕೇ.

ಈಗ ಜೈನರು. ಎಂಟು ಬಗೆ ಕರ್ಮದಲ್ಲಿ ಒಂದು ಗೋತ್ರಕರ್ಮ, ಅದರಲ್ಲಿ ಉಚ್ಚ, ನೀಚ ಅಂತ ಎರಡು. ಅಂದ್ರೆ ಕುಲದ ಮೇಲುಕೀಳನ್ನ ಅವರೂ ಕರ್ಮದ ಲೆಕ್ಕಕ್ಕೆ ತಂದಿದಾರೆ. ಆದ್ರೆ ನೀಚಗೋತ್ರ ಯಾತರಿಂದ ಬರುತ್ತೆ ಅಂತ ತತ್ತ್ವಾರ್ಥಸೂತ್ರದ ಆರನೇ ಅಧ್ಯಾಯ ಹೇಳೋದು ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಪರನಿಂದೆ, ಆತ್ಮಪ್ರಶಂಸೆ, ಇನ್ನೊಬ್ಬರ ಗುಣವನ್ನ ಮುಚ್ಚಿಡೋದು, ತನ್ನಲ್ಲಿಲ್ಲದ ಗುಣವನ್ನ ಮೆರೆಸೋದು! ಈ ಲೆಕ್ಕದಲ್ಲಿ ‘ನಾವು ಮೇಲು’ ಅಂತ ಮೆರೆದವನೇ ಕೆಳಕ್ಕೆ ಹೋಗ್ತಾನೆ. ಖುಷಿಪಡೋಕೆ ಮುಂಚೆ ಮುಂದಿನದನ್ನೂ ಬರೀಬೇಕು. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಕಾಲದ ಜಿನಸೇನನ ಆದಿಪುರಾಣಕ್ಕೆ ಬಂದ್ರೆ ವೃಷಭನಾಥನೇ ವರ್ಣಗಳನ್ನ ಏರ್ಪಡಿಸಿದ ಕಥೆ ಬಂದಿದೆ. ಒಂದೇ ಧರ್ಮದೊಳಗೆ ಇಷ್ಟು ದೂರ ಇದೆ. ಅದಕ್ಕೇ ಪಠ್ಯದ ಕಾಲ ಬರೀದೆ ‘ಜೈನರು ಹೇಳುತ್ತಾರೆ’ ಅಂತ ಒಂದು ವಾಕ್ಯವೂ ಬರೀಬೇಡ ಅಂತ ತಂಗಿಗೆ ಹೇಳಿದೆ.

ಇನ್ನು ನಮ್ಮ ಬುದ್ಧ. ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು, ಬೈಯ್ಯೋರು ಬೈಯ್ಯಿರಿ. ಮಜ್ಝಿಮ ನಿಕಾಯದ 135ನೇ ಸುತ್ತ, ಚೂಳಕಮ್ಮವಿಭಂಗ. ಸುಭ ಅನ್ನೋ ಬ್ರಾಹ್ಮಣ ಯುವಕ ಕೇಳ್ತಾನೆ: ಕೆಲವರು ಅಲ್ಪಾಯುಷಿ, ಕೆಲವರು ರೋಗಿ, ಕೆಲವರು ಬಡವರು, ಕೆಲವರು ಕೀಳು ಕುಲದವರು, ಯಾಕೆ? ಒಂದೊಂದಕ್ಕೂ ಹಿಂದಿನ ಕರ್ಮದ ಕಾರಣ ಅಲ್ಲಿದೆ. ಕೀಳು ಕುಲಕ್ಕೆ ಕಾರಣ ಸೊಕ್ಕು, ಗೌರವ ಕೊಡಬೇಕಾದವರಿಗೆ ಕೊಡದೆ ಇರೋದು. ಈ ಸುತ್ತ ತಂಗಿಯ ಕರಡಿನಲ್ಲಿ ಇರಲಿಲ್ಲ. ಯಾಕವ್ವ ಅಂದೆ. ‘ಬಿಟ್ಟೆ ಅಣ್ಣ’ ಅಂದಳು, ತಲೆ ತಗ್ಗಿಸಿ. ನಾನೂ ಇಷ್ಟು ವರ್ಷ ಭಾಷಣದಲ್ಲಿ ಬಿಟ್ಟವನೇ. ಆದ್ರೆ ಭಾಷಣ ಬೇರೆ, ಪ್ರಬಂಧ ಬೇರೆ. ನಾವು ಬಿಟ್ಟದ್ದನ್ನ ವೈವಾದಲ್ಲಿ ಎದುರು ಕೂತವನು ತೆಗೆದು ಓದ್ತಾನೆ. ಆವಾಗ ಇಡೀ ಅಧ್ಯಾಯ ಬಿದ್ದುಹೋಗುತ್ತೆ.

ಬಿಡಬೇಡ, ಅದರ ಪಕ್ಕದಲ್ಲಿ ಉಳಿದವನ್ನ ಇಡು ಅಂದೆ. ಸಂಯುತ್ತ ನಿಕಾಯದಲ್ಲಿ ಸೀವಕ ಅನ್ನೋ ಪರಿವ್ರಾಜಕ, ಮನುಷ್ಯ ಅನುಭವಿಸೋ ಸುಖದುಃಖ ಎಲ್ಲ ಹಿಂದೆ ಮಾಡಿದ್ದರ ಫಲವಾ ಅಂತ ಕೇಳ್ತಾನೆ. ಬುದ್ಧ ಅಲ್ಲ ಅಂತಾನೆ. ಪಿತ್ತ, ಕಫ, ವಾತ, ಅವು ಮೂರೂ ಸೇರಿ ಬರೋದು, ಋತು ಬದಲಾವಣೆ, ಎಚ್ಚರಗೇಡಿತನ, ಬೇರೆಯವರ ಹಲ್ಲೆ, ಆಮೇಲೆ ಎಂಟನೆಯದಾಗಿ ಕರ್ಮ. ಎಂಟರಲ್ಲಿ ಒಂದು! ಬೇರೆಯವರು ಹೊಡೆದದ್ದು ಪ್ರತ್ಯೇಕ ಕಾರಣವಾಗಿ ಆ ಪಟ್ಟಿಯಲ್ಲಿದೆ ಅನ್ನೋದನ್ನ ಕಂಬಾಲಪಲ್ಲಿ ನೋಡಿದ ನಾವು ಓದೋ ರೀತಿಯೇ ಬೇರೆ. ಇನ್ನು ಅಸ್ಸಲಾಯನ ಸುತ್ತದಲ್ಲಿ, ಯೋನ ಕಂಬೋಜ ದೇಶಗಳಲ್ಲಿ ಇರೋದು ಎರಡೇ ವರ್ಣ, ಒಡೆಯ ಮತ್ತು ದಾಸ, ಒಡೆಯ ದಾಸನಾಗಬಹುದು, ದಾಸ ಒಡೆಯನಾಗಬಹುದು ಅಂತ ಬರುತ್ತೆ. ಅಂದ್ರೆ ವರ್ಣ ಅನ್ನೋದು ಊರಿಂದೂರಿಗೆ ಬದಲಾಗೋ ಏರ್ಪಾಡು ಅಂತಾಯ್ತು, ಛಾಂದೋಗ್ಯದಲ್ಲಿದ್ದ ಹಾಗೆ ನಾಯಿ ಹಂದಿಯ ಥರದ ಬೇರೆ ಯೋನಿ ಅಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟಾಗ ಬೌದ್ಧ ಪಠ್ಯಗಳ ಒಳಗಿನ ಎಳೆದಾಟ ಕಾಣುತ್ತೆ. ಕಾಣಲಿ.

ಬಾಬಾಸಾಹೇಬರು ಆ ಎಳೆದಾಟವನ್ನ ನೋಡಿದ್ರು. 1957ರಲ್ಲಿ, ಅವರು ತೀರಿಕೊಂಡ ಮೇಲೆ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದ ಮುನ್ನುಡಿಯಲ್ಲೇ ನಾಲ್ಕು ಸಮಸ್ಯೆ ಎತ್ತಿದಾರೆ. ಅದರಲ್ಲೊಂದು ಇದೇ: ಆತ್ಮ ಇಲ್ಲ ಅಂದವನು ಕರ್ಮ, ಪುನರ್ಜನ್ಮ ಇದೆ ಅಂತ ಹೇಗಂದ? ಪುಸ್ತಕದೊಳಗೆ ಅವರ ಉತ್ತರ ಗಟ್ಟಿ. ಬುದ್ಧನ ಕರ್ಮ ಬ್ರಾಹ್ಮಣರ ಕರ್ಮ ಅಲ್ಲ. ಹಿಂದಿನ ಜನ್ಮದ ಕರ್ಮದಿಂದ ಇಂದಿನ ಬಡತನ ಬಂತು ಅನ್ನೋದು ಸಮಾಜ ಮತ್ತು ಸರ್ಕಾರ ತಮ್ಮ ಹೊಣೆ ಜಾರಿಸಿಕೊಳ್ಳೋ ದಾರಿ, ಮಹಾಕಾರುಣಿಕ ಅಂಥದ್ದನ್ನ ಹೇಳಿರೋಕೆ ಸಾಧ್ಯವಿಲ್ಲ. ಬಾಯಿಂದ ಬಾಯಿಗೆ ಬಂದ ಮಾತುಗಳಲ್ಲಿ ತಪ್ಪು ವರದಿ ಹೆಚ್ಚಾಗಿರೋದೇ ಕರ್ಮ ಮತ್ತು ಪುನರ್ಜನ್ಮದ ವಿಷಯದಲ್ಲಿ ಅಂತಲೂ ಬರೆದ್ರು. ಯಾವುದು ಬುದ್ಧವಚನ ಅಂತ ಗುರುತಿಸೋಕೆ ವಿಚಾರಕ್ಕೆ ಒಪ್ಪುತ್ತಾ, ಜನರ ಹಿತಕ್ಕೆ ಬರುತ್ತಾ ಅನ್ನೋ ಒರೆಗಲ್ಲು ಕೊಟ್ರು.

ಹಾಗಾಗಿ ಕರಡಿನಲ್ಲಿ ಅಂಬೇಡ್ಕರರನ್ನ ಐದನೇ ಧರ್ಮದ ಥರ ಐದನೇ ಶೀರ್ಷಿಕೆಗೆ ಕೂರಿಸಿದ್ದು ಅವರಿಗೆ ಮಾಡಿದ ಅನ್ಯಾಯ. ಅವರು ಆ ಸಾಲಿನಲ್ಲಿ ನಿಲ್ಲೋ ಸಾಕ್ಷಿ ಅಲ್ಲ, ಸಾಕ್ಷಿಗಳನ್ನ ಪಾಟೀಸವಾಲು ಮಾಡೋ ವಕೀಲರು. ಮೂರನೇ ಪ್ರಶ್ನೆ ಮುಗಿದ ಕೂಡಲೇ, ಆ ಸುತ್ತಗಳ ಓದುಗರಾಗಿ ಅವರು ಬರಬೇಕು. 135ನೇ ಸುತ್ತವನ್ನ ನಾವು ಮೊದಲು ಬಚ್ಚಿಟ್ಟುಬಿಟ್ರೆ ಬಾಬಾಸಾಹೇಬರು ಯಾಕೆ ಅಷ್ಟು ಕಷ್ಟಪಟ್ರು ಅಂತ ಓದೋನಿಗೆ ಅರ್ಥವೇ ಆಗಲ್ಲ.

ವಚನಕಾರರಿಗೆ ಎಷ್ಟು ಜಾಗ ಅಂತ ಕೇಳಿದಳು. ಮೂರು ಪುಟ ಸಾಕು, ಆದ್ರೆ ‘ಪುನರ್ಜನ್ಮದ ಕ್ರಮ’ ಅಂತ ಅವರ ಮೇಲೆ ಹೇರಬೇಡ ಅಂದೆ. ಶರಣರಲ್ಲಿ ದೀಕ್ಷೆಯಾದವನ ಪೂರ್ವಾಶ್ರಯ ಅಳಿದುಹೋಯ್ತು, ಅವನ ಹಿಂದಿನ ಕುಲ ಕೇಳೋದೇ ಅಪರಾಧ. ಅಂದ್ರೆ ಎರಡನೇ ಹುಟ್ಟು ಇದೇ ಮೈಯಲ್ಲಿ, ಇದೇ ಊರಲ್ಲಿ. ಸತ್ತು ಕಾಯಬೇಕಿಲ್ಲ. (ಈಗಿನ ಮಠಗಳಲ್ಲಿ ಪೂರ್ವಾಶ್ರಯದ ಒಳಪಂಗಡ ಕೇಳದೆ ಏನಾದ್ರೂ ನಡೆಯುತ್ತಾ ಅನ್ನೋದು ಬೇರೆ ಪೋಸ್ಟಿಗೆ.)

ಕೊನೆಯ ಭಾಗ ಕರಡಿನಲ್ಲಿ ಇರಲೇ ಇಲ್ಲ, ಹೊಸದಾಗಿ ಸೇರಿಸೋಕೆ ಹೇಳಿದ್ದು. ಇಷ್ಟೂ ಪಠ್ಯಗಳು ಯಾರ ಹುಟ್ಟನ್ನ ವಿವರಿಸ್ತಾವೋ ಆ ಜನ ತಮ್ಮ ಹುಟ್ಟನ್ನ ಹೇಗೆ ವಿವರಿಸ್ಕೊಂಡ್ರು? ಕರ್ಮಸಿದ್ಧಾಂತ ದುಃಖಕ್ಕೆ ಅತ್ಯಂತ ಪಕ್ಕಾ ತರ್ಕದ ವಿವರಣೆ ಅಂತ ಮ್ಯಾಕ್ಸ್ ವೆಬರ್ ಬರೆದ, ಕೆಳಜಾತಿಯವರೂ ಅದನ್ನ ಒಪ್ಪಿ ಸುಮ್ಮನಿದ್ರು ಅಂತ ಅದರಿಂದ ಎಷ್ಟೋ ಜನ ತೀರ್ಮಾನಿಸಿದ್ರು. ಆದ್ರೆ ಪೌಲಿನ್ ಕೊಲೆಂಡಾ ಉತ್ತರ ಪ್ರದೇಶದ ಒಂದು ಹಳ್ಳಿಯ, ಆಕೆ ಖಾಲಾಪುರ ಅಂತ ಕರೆದ ಊರಿನ, ಸಫಾಯಿ ಕೆಲಸದ ಜಾತಿಯವರ ಜೊತೆ ಮಾತಾಡಿ 1964ರಲ್ಲಿ ಬರೆದ ಲೇಖನ ಬೇರೆಯೇ ಹೇಳುತ್ತೆ. ನಾವು ಹಿಂದಿನ ಜನ್ಮದಲ್ಲಿ ಪಾಪ ಮಾಡಿ ಇಲ್ಲಿ ಹುಟ್ಟಿದ್ವಿ ಅನ್ನೋದನ್ನ ಅವರು ತಮಗೆ ಹಚ್ಚಿಕೊಂಡಿರಲಿಲ್ಲ. ಅವರ ಕಥೆಗಳಲ್ಲಿ ಜಾತಿ ಕೆಳಗೆ ಬಿದ್ದದ್ದು ಹಳೇ ಕಾಲದ ಪೂರ್ವಜನಿಗೆ ಆದ ಎಡವಟ್ಟಿನಿಂದ.

ನಮ್ಮವ್ವನ್ನ ಕೇಳಿದೆ, ಅವ್ವ, ನಾವು ಯಾಕೆ ಈ ಕೇರೀಲಿ ಹುಟ್ಟಿದ್ವಿ ಅಂತ. ಅವಳು ಸೊಪ್ಪು ಬಿಡಿಸ್ತಾ, ‘ನಿಮ್ಮಪ್ಪನ್ನ ಕಟ್ಕೊಂಡಿದ್ಕೆ’ ಅಂದ್ಲು. ನಕ್ಕು ಮತ್ತೆ ಕೇಳಿದ್ರೆ ‘ಹಣೆಬರಹ’ ಅಂದ್ಲು. ತಂಗಿ ತಕ್ಷಣ ನೋಟ್‌ಬುಕ್ಕಲ್ಲಿ ‘ಕರ್ಮದ ನಂಬಿಕೆ’ ಅಂತ ಬರಕೊಂಡಳು. ಅಳಿಸು ಅಂದೆ. ಹಣೆಬರಹ ಅಂದ್ರೆ ಹುಟ್ಟಿದಾಗ ಯಾರೋ ಹಣೆ ಮೇಲೆ ಬರೆದದ್ದು. ಅದರಲ್ಲಿ ನಾನು ಹಿಂದೆ ಏನೋ ಮಾಡಿದ್ದೆ ಅನ್ನೋ ತಪ್ಪೊಪ್ಪಿಗೆ ಇಲ್ಲ. ಬರೆದವನ ಮೇಲೆ ದೂರು ಬೇಕಾದ್ರೆ ಇದೆ. ಅವ್ವ ಮಾರಮ್ಮನಿಗೆ ಬೈಯ್ಯೋದನ್ನ ಕೇಳಿದವರಿಗೆ ಅದು ಗೊತ್ತು. ‘ಕರ್ಮ ಕರ್ಮ’ ಅಂತ ಅವಳೂ ಹಣೆ ಚಚ್ಕೊಳ್ತಾಳೆ, ಅನ್ನ ಸೀದುಹೋದಾಗ.

ಇನ್ನು ಬರೆದಾದ ಮೇಲೆ ಚಪ್ಪಟೆ ಆಗಿದೆಯಾ ಅಂತ ಕಂಡುಹಿಡಿಯೋ ನನ್ನ ಗುಮಾಸ್ತಗಿರಿಯ ಉಪಾಯ ಒಂದು. ವಾಕ್ಯದಲ್ಲಿರೋ ಧರ್ಮದ ಹೆಸರು ತೆಗೆದು ಪಕ್ಕದ ಧರ್ಮದ ಹೆಸರು ಹಾಕಿ ಓದು. ಆಗಲೂ ವಾಕ್ಯ ಸರಿ ಅನ್ನಿಸಿದ್ರೆ ಆ ವಾಕ್ಯ ಏನನ್ನೂ ಹೇಳ್ತಿಲ್ಲ. ಕರಡಿನಲ್ಲಿ ಇದ್ದದ್ದು: ‘ಬೌದ್ಧ ಧರ್ಮದಲ್ಲಿ ಮನುಷ್ಯನು ತನ್ನ ಕರ್ಮಕ್ಕನುಗುಣವಾಗಿ ಮೇಲು ಅಥವಾ ಕೀಳು ಜನ್ಮ ಪಡೆಯುತ್ತಾನೆ.’ ಬೌದ್ಧ ತೆಗೆದು ಜೈನ ಹಾಕಿ, ಹಿಂದೂ ಹಾಕಿ, ಆರಾಮಾಗಿ ಕೂರುತ್ತೆ. ಈಗ ತಿದ್ದಿದ್ದು: ‘ಮಜ್ಝಿಮ ನಿಕಾಯದ 135ನೇ ಸುತ್ತ ಕೀಳು ಕುಲದ ಹುಟ್ಟಿಗೆ ಹಿಂದಿನ ಸೊಕ್ಕನ್ನು ಕಾರಣವಾಗಿ ಹೇಳಿದರೂ, ಸೀವಕನಿಗೆ ಕೊಟ್ಟ ಉತ್ತರದಲ್ಲಿ ಎಲ್ಲ ದುಃಖಕ್ಕೂ ಹಿಂದಿನ ಕರ್ಮವೇ ಕಾರಣ ಎಂಬ ಮಾತನ್ನು ಬುದ್ಧ ನಿರಾಕರಿಸುತ್ತಾನೆ.’ ಇದರಲ್ಲಿ ಬೇರೆ ಹೆಸರು ಹಾಕೋಕಾಗಲ್ಲ.

ಕೋಷ್ಟಕ ಬೇಕೇ ಬೇಕು ಅಂತ ಮಾರ್ಗದರ್ಶಕರು ಹಟ ಹಿಡಿದಿದಾರಂತೆ. ಹಾಕು, ಆದ್ರೆ ಕೊನೆಗೆ ಹಾಕು, ಕಾಲಂ ಖಾಲಿ ಬಿಡೋ ಧೈರ್ಯ ಮಾಡು ಅಂದೆ. ಬೌದ್ಧರ ಮುಂದೆ ‘ಆತ್ಮ’ದ ಕಾಲಂನಲ್ಲಿ ‘ಅನ್ವಯಿಸುವುದಿಲ್ಲ’ ಅಂತ ಬರಿ. ಬಲಗಡೆ ತುದಿಯಲ್ಲಿ ಒಂದು ಅಗಲವಾದ ‘ಷರಾ’ ಕಾಲಂ ಇಡು. ಸರ್ಕಾರಿ ಕಡತದಲ್ಲಿ ನಿಜವಾದ ಸಂಗತಿ ಸಿಗೋದು ಅಲ್ಲೇ.

ತಂಗಿ ಹೊಸ ಕರಡು ಬರೀತಿದಾಳೆ. ಮುಂದಿನ ಭಾನುವಾರ 135ನೇ ಸುತ್ತವನ್ನೇ ಇಟ್ಕೊಂಡು ಓದ್ತೀವಿ, ಬಾಬಾಸಾಹೇಬರ ನಾಲ್ಕನೇ ಖಂಡದ ಜೊತೆ. ಸಂಜೆ ನಾಲ್ಕಕ್ಕೆ, ಅದೇ ಅಂಬೇಡ್ಕರ್ ಭವನದ ಹಿಂದಿನ ಕೊಠಡಿ. ಆ ಸುತ್ತ ಓದೋದೇ ತಪ್ಪು ಅನ್ನೋರು ಖಂಡಿತ ಬನ್ನಿ, ಪುಸ್ತಕ ತಗೊಂಡು ಬನ್ನಿ.